ಶುದ್ಧ ಸಾವೇರಿಯಲ್ಲಿ ಸಿಕ್ಕಿಹಾಕಿಕೊಂಡ ಪರೇಡಿನ ಮಟ್ಟು: ಒಂದು ಪ್ರಕರಣ ಅಧ್ಯಯನ

ನಾನು ಕೊಳಲು ಪಾಠ ಹೇಳಿಕೊಡುತ್ತೇನೆ. ಜೊತೆಗೆ ಒಂದು ಹವ್ಯಾಸ ಇದೆ. ಯಾರಾದರೂ ಎಲ್ಲೋ ಕೇಳಿದ ಮಟ್ಟಿನ ಒಂದು ತುಣುಕು ಹಾಡಿದರೆ, ಅದು ಯಾವುದೆಂದು ಹುಡುಕಿಕೊಡುವುದು. ಹೆಚ್ಚಿನವು ಬೇಗ ಸಿಗುತ್ತವೆ. ಈ ಒಂದು ಮಾತ್ರ ಹನ್ನೊಂದು ದಿನ ಹಿಡಿಯಿತು. ಮಟ್ಟು ಅಪರೂಪದ್ದಾಗಿತ್ತು ಅಂತಲ್ಲ, ತುಂಬಾ ಪ್ರಸಿದ್ಧವಾದದ್ದೇ. ಆದರೂ ಯಾಕೆ ಸಿಗಲಿಲ್ಲ ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿಡುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಅವರ ಹೆಸರು, ಊರು, ಅಕಾಡೆಮಿಯ ಹೆಸರು ಇಲ್ಲಿ ಹಾಕಿಲ್ಲ.

ಹಿನ್ನೆಲೆ

ಹಾಸನ ಜಿಲ್ಲೆಯ ಒಂದು ಊರಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರು ಮತ್ತು ಅವರ ಹೆಂಡತಿ. ಒಬ್ಬನೇ ಮಗ. ಅವನು ಸೇನಾ ಅಧಿಕಾರಿಯಾಗಿ ತರಬೇತಿ ಮುಗಿಸಿದ. ಪಾಸಿಂಗ್ ಔಟ್ ಪರೇಡಿಗೆ ಇಬ್ಬರೂ ರೈಲಿನಲ್ಲಿ ಹೋಗಿ ಬಂದರು. ಬಂದ ಮೇಲೆ ಅಮ್ಮ ಅಡುಗೆಮನೆಯಲ್ಲಿ, ಹೂ ಕಟ್ಟುವಾಗ, ಬಟ್ಟೆ ಮಡಿಸುವಾಗ ಒಂದೇ ಮಟ್ಟನ್ನು ಗುನುಗಲು ಶುರು ಮಾಡಿದರು. ಬ್ಯಾಂಡ್‌ನಲ್ಲಿ ಕೇಳಿದ್ದು. ಪೂರ್ತಿ ನೆನಪಿಲ್ಲ, ಒಂದು ಸಾಲು ಮಾತ್ರ.

ಊರಿನ ಶಾಲೆಯಲ್ಲಿ ಮಗನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಮಕ್ಕಳ ಬ್ಯಾಂಡ್ ಸೆಟ್ ಅದೇ ಮಟ್ಟನ್ನು ನುಡಿಸುತ್ತಾ ಅವನನ್ನು ಗೇಟಿನಿಂದ ವೇದಿಕೆಗೆ ಕರೆತರಬೇಕು ಅನ್ನುವುದು ಮೇಷ್ಟ್ರ ಆಸೆ. ಮಗನಿಗೆ ಗೊತ್ತಾಗಬಾರದು, ಆಶ್ಚರ್ಯವಾಗಬೇಕು. ಹಾಗಾಗಿ ಅವನನ್ನೇ ಕೇಳುವ ಸುಲಭದ ದಾರಿ ಮುಚ್ಚಿಹೋಯಿತು. ಪರೇಡಿನಲ್ಲಿ ಕೊಟ್ಟಿದ್ದ ಹಾಳೆಯಲ್ಲಿ ಮಟ್ಟುಗಳ ಹೆಸರಿರಲಿಲ್ಲ. ಕಾರ್ಯಕ್ರಮಕ್ಕೆ ಮೂರು ವಾರ ಇತ್ತು.

ಸಮಸ್ಯೆ

ಮೇಷ್ಟ್ರು ಮೊದಲ ಸಲ ಫೋನ್ ಮಾಡಿದಾಗ ಹೇಳಿದ್ದು ಇಷ್ಟು: "ಒಂದು ದೇಶಭಕ್ತಿಗೀತೆ ಸರ್. ಮಿಲಿಟರಿ ಬ್ಯಾಂಡಿನವರು ಮಾರ್ಚ್ ಥರ ನುಡಿಸಿದರು. ನಮ್ಮನೆಯವರಿಗೆ ಒಂದು ಸಾಲು ಬರುತ್ತೆ."

ಈ ಮಾತನ್ನು ನಾನು ಹಾಗೆಯೇ ನಂಬಿಬಿಟ್ಟೆ. ದೇಶಭಕ್ತಿಗೀತೆ ಅನ್ನುವುದು ಅವರ ಊಹೆ. ಮಾರ್ಚ್ ಥರ ಅನ್ನುವುದೂ ಊಹೆಯೇ. ಅವರು ನಿಜವಾಗಿ ಕಂಡದ್ದು, ಕೇಳಿದ್ದು ಬೇರೆ. ಅದನ್ನು ನಾನು ಕೇಳಲೇ ಇಲ್ಲ. ಆಮೇಲಿನ ಎಂಟು ದಿನ ಹೋಗಿದ್ದು ಇದರಿಂದಲೇ.

ನನ್ನ ಹತ್ತಿರ ಬರುವ ಮೊದಲು ಅವರು ಎರಡು ಪ್ರಯತ್ನ ಮಾಡಿದ್ದರು. ಅಮ್ಮನ ಫೋನಿನಲ್ಲಿ ಆರೇಳು ಸೆಕೆಂಡಿನ ಒಂದು ವಿಡಿಯೊ ಇತ್ತು. ಅದರಲ್ಲಿ ಮೈಕಿನ ವಿವರಣೆ ಜೋರಾಗಿದ್ದು, ಬ್ಯಾಂಡ್ ಹಿಂದೆಲ್ಲೋ ಮಸುಕಾಗಿ ಕೇಳುತ್ತಿತ್ತು. ಹಾಡು ಗುರುತಿಸುವ ಆ್ಯಪ್‌ಗೆ ಅದನ್ನು ಕೇಳಿಸಿದ್ದರು. ಏನೂ ಬರಲಿಲ್ಲ, ಬರುವುದೂ ಕಷ್ಟ. ಅಂಥ ಆ್ಯಪ್‌ಗಳು ಹೋಲಿಸಿ ನೋಡುವುದು ಮಟ್ಟನ್ನಲ್ಲ, ಧ್ವನಿಮುದ್ರಣವನ್ನು. ಅಂಗಡಿಯಲ್ಲಿ ಹಾಕಿದ ಸಿನಿಮಾ ಹಾಡು ಮತ್ತು ಅವರ ಪಟ್ಟಿಯಲ್ಲಿರುವ ಅದೇ ಮುದ್ರಣ ಎರಡೂ ಒಂದೇ ಆದ್ದರಿಂದ ಸಿಗುತ್ತದೆ. ಮೈದಾನದಲ್ಲಿ ಬ್ಯಾಂಡ್ ಆ ದಿನ ನುಡಿಸಿದ್ದು ಯಾವ ಪಟ್ಟಿಯಲ್ಲೂ ಇರುವುದಿಲ್ಲ ಅಲ್ವಾ? ಗುನುಗಿದರೆ ಹುಡುಕುವ ಸೌಲಭ್ಯಕ್ಕೂ ಅಮ್ಮ ಹಾಡಿ ನೋಡಿದ್ದರು. ಒಂದೊಂದು ಸಲಕ್ಕೆ ಒಂದೊಂದು ಸಿನಿಮಾ ಹಾಡು ಬಂತಂತೆ.

ಮೊದಲ ದಾರಿ ತಪ್ಪಿದ್ದು

ಅಮ್ಮ ಚಿಕ್ಕಂದಿನಲ್ಲಿ ಎಂಟು ವರ್ಷ ಸಂಗೀತ ಕಲಿತವರು. ಅವರು ಸುಮ್ನೆ ಗುನುಗಲಿಲ್ಲ, ಸ್ವರ ಬಿಡಿಸಿ ಹಾಡಿ ಕಳಿಸಿದರು. ನನಗೆ ಬಹಳ ಖುಷಿಯಾಯಿತು. ಇಷ್ಟು ಚೊಕ್ಕವಾಗಿ ಯಾರೂ ಕಳಿಸುವುದಿಲ್ಲ. ಅವರು ಹಾಡಿದ್ದು ಹೀಗೆ:

ಸ ದ ದ ಮ | ಪ ಮ ಪ ರಿ | ಸ ದ ದ ಸ | ರಿ

ಇದರಲ್ಲಿ ದ, ಮ, ಪ ಮೂರೂ ಕೆಳಗಿನ ಸ್ಥಾಯಿಯವು. ಕೊನೆಗೆ ಅವರೇ ಹೇಳಿದರು, "ಶುದ್ಧ ಸಾವೇರಿ ಅನ್ಸುತ್ತೆ ಸರ್. ಗ ಇಲ್ಲ, ನಿ ಇಲ್ಲ."

ಸ ರಿ ಮ ಪ ದ, ಹೌದು, ಶುದ್ಧ ಸಾವೇರಿಯೇ. ಹಾಡಿದ್ದೂ ಹಾಗೆಯೇ ಇತ್ತು. ರಿಷಭಕ್ಕೆ ಮೆಲ್ಲಗೆ ಜಾರಿ, ದೈವತವನ್ನು ಸ್ವಲ್ಪ ತೂಗಿ, ಕೇಳುವವರಿಗೆ ಕೀರ್ತನೆಯ ಅನುಪಲ್ಲವಿ ಅನಿಸುವಷ್ಟು ಸೊಗಸಾಗಿತ್ತು. ನಾನು ದೇಶಭಕ್ತಿಗೀತೆಗಳ ಪಟ್ಟಿ ಹಿಡಿದು ಕೂತೆ. ಕನ್ನಡದವು, ಹಿಂದಿಯವು, ಎನ್‌ಸಿಸಿ ಶಿಬಿರದಲ್ಲಿ ಹಾಡುವವು. ಸೇನಾ ಬ್ಯಾಂಡ್‌ಗಳು ನುಡಿಸುವ ಭಾರತೀಯ ಮಾರ್ಚ್‌ಗಳ ಮುದ್ರಣಗಳನ್ನೂ ಒಂದೊಂದಾಗಿ ಕೇಳಿದೆ. ನಾಲ್ಕು ದಿನ ಹೋಯಿತು. ಯಾವುದೂ ಹೊಂದಲಿಲ್ಲ.

ಈ ನಡುವೆ ಮೇಷ್ಟ್ರ ಅಕ್ಕನ ಮಗ ಒಂದು ಮಾತು ಹೇಳಿದ್ದ. ಅವನು ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್, ತರಬೇತಿಗೆ ಆರು ತಿಂಗಳು ಜಪಾನಿನಲ್ಲಿದ್ದವನು. ಅತ್ತೆ ಗುನುಗುವುದನ್ನು ಕೇಳಿ, "ಇದನ್ನ ಜಪಾನಲ್ಲಿ ರಾತ್ರಿ ಅಂಗಡಿ ಮುಚ್ಚೋ ಮುಂಚೆ ಹಾಕ್ತಾರೆ ಅತ್ತೆ, ಗಿರಾಕಿಗಳು ಹೊರಡಲಿ ಅಂತ" ಅಂದನಂತೆ. ಮನೆಯಲ್ಲಿ ಎಲ್ಲರೂ ನಕ್ಕರು. ಮೇಷ್ಟ್ರು ನನಗೆ ಹೇಳಿದಾಗ ನಾನೂ ಪಕ್ಕಕ್ಕೆ ಇಟ್ಟೆ. ನಮ್ಮ ಸೇನೆಯ ಪರೇಡಿಗೂ ಜಪಾನಿನ ಅಂಗಡಿಗೂ ಏನು ಸಂಬಂಧ ಅಂದುಕೊಂಡೆ. ಆಗ ನಮ್ಮ ಕೈಯಲ್ಲಿದ್ದ ಒಳ್ಳೆಯ ಸುಳಿವು ಅದೊಂದೇ ಆಗಿತ್ತು.

ಗಮಕ ತೆಗೆದಾಗ

ಐದನೆಯ ದಿನ ಅಮ್ಮನಿಗೆ ಒಂದು ಕೋರಿಕೆ ಇಟ್ಟೆ. "ಅಮ್ಮಾ, ಗಮಕ ಇಲ್ಲದೆ ಹಾಡಿ. ಹಾರ್ಮೋನಿಯಂ ಒತ್ತಿದ ಹಾಗೆ, ಒಂದೊಂದೇ ಸ್ವರ ನೆಟ್ಟಗೆ. ಜೊತೆಗೆ ಕೈತಟ್ಟಿ."

ಬ್ಯಾಂಡ್‌ನ ಕಾರ್ನೆಟ್, ಕ್ಲಾರಿನೆಟ್‌ಗಳು ಪರೇಡಿನಲ್ಲಿ ಸ್ವರವನ್ನು ತೂಗುವುದಿಲ್ಲ. ಇಷ್ಟು ಹೊತ್ತು ಇದು, ಇಷ್ಟು ಹೊತ್ತು ಅದು, ಅಷ್ಟೇ. ಸಂಗೀತ ಕಲಿತ ಕಿವಿ ಅದನ್ನು ನೆನಪಿಡುವಾಗ ತನಗೆ ಗೊತ್ತಿರುವ ರಾಗದ ಬಟ್ಟೆ ತೊಡಿಸಿಬಿಡುತ್ತದೆ. ಗುನುಗಿದರೆ ಹುಡುಕುವ ಸೌಲಭ್ಯ ಸಿನಿಮಾ ಹಾಡುಗಳನ್ನು ತೋರಿಸಿದ್ದಕ್ಕೂ ಇದೇ ಕಾರಣ ಇದ್ದೀತು. ಸ್ವರ ಸರಿಯೇ ಇತ್ತು, ನಡುವಿನ ಜಾರುಗಳು ಮೂಲದಲ್ಲಿರಲಿಲ್ಲ.

ಹೊಸ ಧ್ವನಿಮುದ್ರಣ ಬಂತು. ಬೇರೆಯದೇ ಮಟ್ಟು ಅನಿಸಿತು. ಈಗ ಕಾಲದ ಲೆಕ್ಕ ಕೇಳಿಸಿತು. ಪ್ರತಿ ನಾಲ್ಕು ಎಣಿಕೆಯಲ್ಲಿ ಮೊದಲ ಸ್ವರ ಒಂದೂವರೆ ಎಣಿಕೆ ನಿಲ್ಲುತ್ತದೆ. ಎರಡನೆಯದು ಅರ್ಧ ಎಣಿಕೆ. ಉಳಿದ ಎರಡು ಒಂದೊಂದು. ಸಾ...ದ ದಾ ಮಾ, ಪಾ...ಮ ಪಾ ರೀ. ಈ ಕುಂಟು ನಡೆ ನಮ್ಮ ಕೀರ್ತನೆಯದಲ್ಲ. ಇದು ಹೊರಗಿನ ಮಟ್ಟು ಅಂತ ಆಗ ಮೊದಲ ಬಾರಿ ಅನುಮಾನ ಬಂತು.

ಐದೇ ಸ್ವರ, ಹೊರಗಿನದು, ಮಿಲಿಟರಿ ಬ್ಯಾಂಡ್. ನನಗೆ ಹೊಳೆದದ್ದು 'ಅಮೇಜಿಂಗ್ ಗ್ರೇಸ್' ಅನ್ನುವ ಇಂಗ್ಲಿಷ್ ಭಕ್ತಿಗೀತೆ. ಪೈಪ್ ಬ್ಯಾಂಡ್‌ಗಳು ಅದನ್ನು ಬಹಳ ನುಡಿಸುತ್ತವೆ. ಸಿಕ್ಕೇ ಬಿಟ್ಟಿತು ಅನ್ನುವ ಉತ್ಸಾಹದಲ್ಲಿ ಕೊಳಲಿನಲ್ಲಿ ನುಡಿಸಿ ಕಳಿಸಿದೆ. ಸ್ವರ ಇಟ್ಟು ಹೋಲಿಸಿ ನೋಡಬೇಕಿತ್ತು, ನೋಡಲಿಲ್ಲ. ಅದು ಮೂರು ಎಣಿಕೆಯ ಮಟ್ಟು, ಅಮ್ಮ ತಟ್ಟಿದ್ದು ನಾಲ್ಕು. ಅಷ್ಟರಲ್ಲೇ ಅದು ಬಿದ್ದುಹೋಗಬೇಕಿತ್ತು.

ಅಮ್ಮನ ಉತ್ತರ ಬಂತು. "ಇದಲ್ಲ ಸರ್. ಆದ್ರೆ ಒಂದು ವಿಚಿತ್ರ. ನೀವು ನುಡಿಸಿದ್ದು ಮೋಹನ, ನಂದು ಶುದ್ಧ ಸಾವೇರಿ. ಆದ್ರೂ ಎರಡಕ್ಕೂ ಒಂದೇ ಮನೆಯವರ ಮುಖ ಇದೆ."

ತಪ್ಪು ಊಹೆಯಿಂದ ಇಷ್ಟು ಒಳ್ಳೆಯ ಮಾತು ಸಿಕ್ಕಿದ್ದು ನನ್ನ ಭಾಗ್ಯ.

ತಿರುವು: ಮನೆ ಸ್ವರ ಯಾವುದು?

ಸಂಗೀತ ಕಲಿತವರಿಗೆ ಗ್ರಹಭೇದ ಗೊತ್ತು. ಒಂದೇ ಐದು ಸ್ವರಗಳಿರುತ್ತವೆ. ಯಾವುದನ್ನು ಷಡ್ಜ ಅಂದುಕೊಳ್ಳುತ್ತೀರಿ ಅನ್ನುವುದರ ಮೇಲೆ ರಾಗ ಬದಲಾಗುತ್ತದೆ. ಮೋಹನದ ಪಂಚಮವನ್ನು ಷಡ್ಜ ಮಾಡಿಕೊಂಡರೆ ಶುದ್ಧ ಸಾವೇರಿ. ರಿಷಭವನ್ನು ಮಾಡಿಕೊಂಡರೆ ಮಧ್ಯಮಾವತಿ. ಗಾಂಧಾರವನ್ನು ಮಾಡಿಕೊಂಡರೆ ಹಿಂದೋಳ. ಹಾರ್ಮೋನಿಯಂನಲ್ಲಿ ಒತ್ತುವ ಮನೆಗಳು ಅವೇ ಇರುತ್ತವೆ.

ಅಮ್ಮನಿಗೆ ಪರೇಡಿನಲ್ಲಿ ತಂಬೂರಿ ಇರಲಿಲ್ಲ. ನೆನಪಿದ್ದ ಸಾಲಿನ ಮೊದಲ ಸ್ವರವನ್ನೇ ಅವರು ಸ ಅಂದುಕೊಂಡಿದ್ದರು. ನಾವೆಲ್ಲ ಮಾಡುವುದು ಹಾಗೆಯೇ. ಆದರೆ ಆ ಸಾಲು ಮಟ್ಟಿನ ನಡುವಿನದಾಗಿದ್ದರೆ? ಮೊದಲ ಸ್ವರ ಏನು ಬೇಕಾದರೂ ಆಗಿರಬಹುದು.

ಮನೆ ಸ್ವರ, ಅಂದರೆ ನಿಜವಾದ ಷಡ್ಜ, ತಿಳಿಯಲು ಭರವಸೆ ಇಡಬಹುದಾದ ಜಾಗ ಮಟ್ಟಿನ ಕೊನೆ. ಬ್ಯಾಂಡ್ ನುಡಿಸುವ ಇಂಥ ಮಟ್ಟುಗಳು ಎಲ್ಲಿಂದಲೇ ಶುರುವಾಗಲಿ, ಮುಗಿಯುವಾಗ ಸಾಮಾನ್ಯವಾಗಿ ಷಡ್ಜಕ್ಕೆ ಬಂದು ಕೂರುತ್ತವೆ. ಅಮ್ಮ ಹಾಡಿದ ಸಾಲು ರಿ ಮೇಲೆ ನಿಲ್ಲುತ್ತಿತ್ತು. ಅದು ಕೂತ ಹಾಗೆ ಕೇಳುತ್ತಿರಲಿಲ್ಲ. ಒಂದು ಕಾಲು ಮೇಲೆತ್ತಿ ನಿಂತ ಹಾಗಿತ್ತು.

ಫೋನ್ ಮಾಡಿದೆ. "ಅಮ್ಮಾ, ಬ್ಯಾಂಡ್ ನಿಲ್ಲಿಸಿದ್ದು ಎಲ್ಲಿ ಅಂತ ನೆನಪಿದೆಯಾ? ಕೊನೆಯ ಒಂದೆರಡು ಸ್ವರ ಸಾಕು."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹಾಡಿದರು: ಮ ರಿ ರಿ ಸ, ಮ. "ಮಧ್ಯಮದಲ್ಲಿ ನಿಂತಿತು ಸರ್. ಅದೇ ನಂಗೂ ಅರ್ಥ ಆಗಿಲ್ಲ. ಶುದ್ಧ ಸಾವೇರೀಲಿ ಮ ಮೇಲೆ ಯಾಕೆ ಮುಗಿಸ್ತಾರೆ?"

ಮುಗಿಸುವುದಿಲ್ಲ. ಅವರ ಮ ನಿಜವಾಗಿ ಸ. ಆ ಲೆಕ್ಕದಲ್ಲಿ ಅವರ ಸ ಪಂಚಮ ಆಯಿತು, ರಿ ದೈವತ ಆಯಿತು, ಪ ರಿಷಭ, ದ ಗಾಂಧಾರ. ಹಾಳೆಯ ಮೇಲೆ ಬದಲಿಸಿ ಬರೆದೆ:

ಪ ಗ ಗ ಸ | ರಿ ಸ ರಿ ದ | ಪ ಗ ಗ ಪ | ದ

ಕೊನೆ: ಸ ದ ದ ಪ | ಸ

(ಕೊನೆಯ ಸಾಲಿನ ದ ಮತ್ತು ಪ ಕೆಳಗಿನ ಸ್ಥಾಯಿಯವು.)

ಫೋನ್ ಇಡುವ ಮುಂಚೆ, ಬಹುಶಃ ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದೆ. ಈ ಮಟ್ಟು ಬರುವಾಗ ಹುಡುಗರು ಏನು ಮಾಡುತ್ತಿದ್ದರು?

"ಕೊನೇಲಿ ಸರ್. ಎಲ್ಲಾ ಮುಗಿದ ಮೇಲೆ. ಕಾಲನ್ನ ಮುಂದೆ ಚಾಚಿ, ಗಾಳೀಲಿ ಒಂದು ಗಳಿಗೆ ನಿಲ್ಲಿಸಿ, ಮೆಲ್ಲಗೆ ಇಡ್ತಿದ್ರು. ಹಾಗೇ ಒಂದು ಗೆರೆ ದಾಟಿ ಹೋದ್ರು. ನಮ್ಮೋನು ಯಾವನು ಅಂತ ಹುಡುಕ್ತಾ ಇದ್ದೆ, ಅಷ್ಟರಲ್ಲಿ ಒಳಗೆ ಹೋಗ್ಬಿಟ್ಟ."

ಅಷ್ಟೇ ಸಾಕಾಗಿತ್ತು. ಕೊಳಲು ಎತ್ತಿಕೊಂಡು ಬರೆದದ್ದನ್ನು ನುಡಿಸಿದೆ, ನಿಧಾನವಾಗಿ, ಮೊದಲ ಸ್ವರ ಒಂದೂವರೆ ಎಣಿಕೆ. ಎರಡನೇ ನಾಲ್ಕೆಣಿಕೆ ಮುಗಿಯುವ ಮೊದಲೇ ಗೊತ್ತಾಯಿತು. 'ಆಲ್ಡ್ ಲ್ಯಾಂಗ್ ಸೈನ್', ಸ್ಕಾಟ್ಲೆಂಡಿನ ಹಳೆಯ ಬೀಳ್ಕೊಡುಗೆಯ ಹಾಡು.

ಅಂತಿಮ ಪಗ್

ಸೇನೆಯ ಅಧಿಕಾರಿ ತರಬೇತಿ ಅಕಾಡೆಮಿಗಳ ಪರೇಡ್ ಟಿವಿಯಲ್ಲಿ ನೋಡಿದವರಿಗೆ ಈ ಗಳಿಗೆ ಗೊತ್ತಿರುತ್ತದೆ. ಡೆಹ್ರಾಡೂನ್, ಖಡಕ್‌ವಾಸ್ಲಾಗಳಲ್ಲಿ ತರಬೇತಿ ಮುಗಿಸಿದವರು ಕೊನೆಗೆ 'ಧೀರೇ ಚಲ್' ನಡೆಯಲ್ಲಿ, ಅಂದರೆ ಸ್ಲೋ ಮಾರ್ಚ್‌ನಲ್ಲಿ, 'ಅಂತಿಮ ಪಗ್' ಅನ್ನುವ ಗುರುತನ್ನು ದಾಟುತ್ತಾರೆ. ಅದು ಆ ಅಕಾಡೆಮಿಯ ಕೆಡೆಟ್ ಆಗಿ ಇಡುವ ಕೊನೆಯ ಹೆಜ್ಜೆ. ಆಗ ಬ್ಯಾಂಡ್ ನುಡಿಸುವುದು ಈ ಮಟ್ಟನ್ನೇ. ಬ್ರಿಟನ್ನಿನ ಸ್ಯಾಂಡ್‌ಹರ್ಸ್ಟ್ ಅಕಾಡೆಮಿಯಲ್ಲೂ ಹೊಸ ಅಧಿಕಾರಿಗಳು ಮೆಟ್ಟಿಲು ಹತ್ತಿ ಒಳಗೆ ಹೋಗುವುದು ಇದೇ ಮಟ್ಟಿಗೆ.

ನಾನು ಇದನ್ನು ಮೊದಲೇ ಯಾಕೆ ಗುರುತಿಸಲಿಲ್ಲ? ಒಂದು ಕಾರಣ ಷಡ್ಜದ ಗೊಂದಲ. ಇನ್ನೊಂದು ವೇಗ. ಮೇಷ್ಟ್ರು 'ಮಾರ್ಚ್' ಅಂದಾಗ ನಾನು ಮನಸ್ಸಿನಲ್ಲಿ ಇಟ್ಟುಕೊಂಡದ್ದು ತೇಜ್ ಚಲ್, ನಿಮಿಷಕ್ಕೆ 120ರ ಆಸುಪಾಸು ಹೆಜ್ಜೆ. ಧೀರೇ ಚಲ್ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಸುಮಾರು 70. ಹೆಜ್ಜೆಗೊಂದು ಎಣಿಕೆ ಹಾಕಿದರೆ ಅಮ್ಮ ಹಾಡಿದ ಹದಿನಾರು ಎಣಿಕೆಗೆ ಹೆಚ್ಚುಕಡಿಮೆ 14 ಸೆಕೆಂಡ್ ಬೇಕು. ಅದನ್ನೇ ಎಂಟು ಸೆಕೆಂಡಿನಲ್ಲಿ ಕಲ್ಪಿಸಿಕೊಂಡು ಹುಡುಕುತ್ತಿದ್ದರೆ ಪರಿಚಯದ ಮುಖವೂ ಗುರುತು ಸಿಗುವುದಿಲ್ಲ.

ಖಚಿತ ಮಾಡಿಕೊಂಡದ್ದು

ಅಮೇಜಿಂಗ್ ಗ್ರೇಸ್ ವಿಷಯದಲ್ಲಿ ಆತುರಪಟ್ಟಿದ್ದೆನಲ್ಲ, ಈ ಸಲ ಹಾಗೆ ಮಾಡಲಿಲ್ಲ. ಮಟ್ಟಿನ ಎರಡು ಭಾಗಗಳನ್ನೂ ಬರೆದು ಪಕ್ಕದಲ್ಲಿಟ್ಟೆ. ಮೊದಲ ಭಾಗ, ಎಲ್ಲರಿಗೂ ಗೊತ್ತಿರುವ ಆರಂಭ, ಹೀಗೆ ಹೋಗುತ್ತದೆ:

(ಕೆಳಗಿನ) ಪ | ಸ ಸ ಸ ಗ | ರಿ ಸ ರಿ ಗ | ಸ ಸ ಗ ಪ | ದ

ಪಲ್ಲವಿಯಂತೆ ಬರುವ ಎರಡನೆಯ ಭಾಗ:

ದ | ಪ ಗ ಗ ಸ | ರಿ ಸ ರಿ ದ | ಪ ಗ ಗ ಪ | ದ

ಅಮ್ಮನ ಸಾಲು ಈ ಎರಡನೆಯದು, ಒಂದು ಸ್ವರವೂ ಆಚೀಚೆ ಇಲ್ಲ. ಮುಖ್ಯವಾಗಿ ನೋಡಬೇಕಾದ್ದು 'ರಿ ಸ ರಿ ದ' ಅನ್ನುವ ಜಾಗ. ಮೊದಲ ಭಾಗದಲ್ಲಿ ಅಲ್ಲಿ 'ರಿ ಸ ರಿ ಗ' ಇದೆ, ಪಕ್ಕದ ಮನೆಗೆ ಹೋದ ಹಾಗೆ. ಎರಡನೆಯದರಲ್ಲಿ ರಿಷಭದಿಂದ ಒಮ್ಮೆಲೇ ದೈವತಕ್ಕೆ ನೆಗೆತ. ಅಮ್ಮ ಪ್ರತಿ ಸಲ ಹಾಡಿದಾಗಲೂ, ಗಮಕ ಹಾಕಿದಾಗಲೂ ತೆಗೆದಾಗಲೂ, ಆ ನೆಗೆತ ಇತ್ತು. ಇಂಥ ಒಂದು ವಿಶೇಷ ನೆಗೆತ ಸಿಕ್ಕರೆ ಅದು ಹತ್ತು ಸಾಮಾನ್ಯ ಸ್ವರಗಳಿಗಿಂತ ಗಟ್ಟಿ ಸಾಕ್ಷಿ.

ಅವರ ಸಾಲಿನಲ್ಲಿ ಇಲ್ಲದಿದ್ದದ್ದು ಒಂದೇ, ಎಣಿಕೆ ಶುರುವಾಗುವ ಮುಂಚಿನ ಆ ಒಂಟಿ ದ. ಮೊದಲ ತಟ್ಟು ಬೀಳುವ ಮೊದಲೇ ಬರುವ ಎತ್ತುಗಡೆಯ ಸ್ವರ. ಅದು ಬಿಟ್ಟುಹೋದದ್ದರಿಂದಲೇ ಸಾಲು ಪಂಚಮದಿಂದ ಶುರುವಾಯಿತು, ಪಂಚಮ ಷಡ್ಜವಾಯಿತು, ಮೋಹನ ಶುದ್ಧ ಸಾವೇರಿಯಾಯಿತು. ನಾನು ಎಂಟು ದಿನ ಅಲೆದದ್ದಕ್ಕೆ ಬೇರು ಈ ಒಂದು ಸ್ವರ.

ಆಮೇಲೆ ಮಗನ ಜೊತೆಯವನೊಬ್ಬನ ತಂದೆಯ ಫೋನಿನಿಂದ ಸುಮಾರು ಇಪ್ಪತ್ತು ಸೆಕೆಂಡಿನ ಇನ್ನೊಂದು ವಿಡಿಯೊ ಸಿಕ್ಕಿತು. ಅದರಲ್ಲಿ ಹೆಜ್ಜೆ ಕಾಣುತ್ತಿತ್ತು, ಹೆಜ್ಜೆಗೊಂದು ಎಣಿಕೆ ಸರಿಯಾಗಿ ಬೀಳುತ್ತಿತ್ತು. ಮಟ್ಟಿನ ಕೊನೆಯೂ ಇತ್ತು. ಕೊನೆಯ ಸ್ವರಕ್ಕೆ ಬ್ಯಾಂಡ್‌ನ ದೊಡ್ಡ ಹಿತ್ತಾಳೆ ವಾದ್ಯಗಳೂ ಕೆಳಗಿನ ಅದೇ ಸ್ವರಕ್ಕೆ ಬಂದು ನಿಂತವು. ಷಡ್ಜದ ವಿಷಯದಲ್ಲಿ ಉಳಿದಿದ್ದ ಅನುಮಾನವೂ ಹೋಯಿತು.

ಜಪಾನಿನ ಅಂಗಡಿಯ ಮಾತೂ ಈಗ ಜಾಗಕ್ಕೆ ಬಂತು. ಈ ಮಟ್ಟು ಜಪಾನಿಗೆ 1881ರಲ್ಲೇ ಶಾಲೆಯ ಹಾಡಿನ ಪುಸ್ತಕದ ಮೂಲಕ, ಅಲ್ಲಿನದೇ ಮಾತುಗಳೊಂದಿಗೆ ಹೋಗಿದೆ. ಅಂಗಡಿ ಮುಚ್ಚುವಾಗ ಸಾಮಾನ್ಯವಾಗಿ ಹಾಕುವುದು ಅದರ ಮೂರು ಎಣಿಕೆಯ ರೂಪ. ಹುಡುಗ ಹೇಳಿದ್ದು ಸರಿಯಾಗಿತ್ತು. ಆದರೆ ಪರೇಡಿನಲ್ಲಿ ಆ ರೂಪ ಬರುವ ಹಾಗಿಲ್ಲ. ಮೂರು ಎಣಿಕೆಗೆ ನಡೆದರೆ ಒತ್ತು ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ ಬೀಳುತ್ತದೆ. ಸಾಲು ಕಟ್ಟಿ ನಡೆಯುವವರಿಗೆ ಒತ್ತು ಯಾವಾಗಲೂ ಒಂದೇ ಕಾಲಿಗೆ ಬೀಳಬೇಕು.

ಇನ್ನೊಂದು ಗಾಬರಿ

ಹೆಸರು ಹೇಳಿದ ಮರುದಿನ ಬೆಳಗ್ಗೆಯೇ ಮೇಷ್ಟ್ರ ಫೋನ್. ದನಿಯಲ್ಲಿ ಆತಂಕ ಇತ್ತು. "ಸರ್, ನೆಟ್‌ನಲ್ಲಿ ನೋಡಿದೆ. ಇದು ಕೊರಿಯಾದ ರಾಷ್ಟ್ರಗೀತೆಯಂತೆ. ಮಾಲ್ಡೀವ್ಸ್‌ದೂ ಅಂತೆ. ಶಾಲೆಯಲ್ಲಿ ಬೇರೆ ದೇಶದ ರಾಷ್ಟ್ರಗೀತೆ ನುಡಿಸಿದರೆ ತಪ್ಪಾಗಲ್ವಾ? ಎದ್ದು ನಿಲ್ಲಬೇಕಾ?"

ಒಳ್ಳೆಯ ಪ್ರಶ್ನೆ. ಅವರು ಓದಿದ್ದು ಸುಳ್ಳೂ ಅಲ್ಲ, ಕಾಲ ಮಾತ್ರ ಹಳೆಯದು. ಕೊರಿಯನ್ನರು ತಮ್ಮ ದೇಶಗೀತೆಯ ಮಾತುಗಳನ್ನು ಮೊದಲು ಈ ಮಟ್ಟಿಗೇ ಹಾಡುತ್ತಿದ್ದರು. 1948ರಲ್ಲಿ ದಕ್ಷಿಣ ಕೊರಿಯಾ ಸರ್ಕಾರ ಬಂದಾಗ ಅಹ್ನ್ ಇಕ್-ತೇ ಅವರು ಮಾಡಿದ ಹೊಸ ಮಟ್ಟನ್ನು ಒಪ್ಪಿಕೊಂಡರು. ಮಾಲ್ಡೀವ್ಸ್‌ನಲ್ಲಿ 1972ರವರೆಗೂ ಇದೇ ಮಟ್ಟಿತ್ತು. ಆಮೇಲೆ ಶ್ರೀಲಂಕಾದ ಸಂಗೀತಗಾರ ಅಮರದೇವ ಹೊಸದನ್ನು ಮಾಡಿಕೊಟ್ಟರು. ಇವತ್ತು ಇದು ಈ ಎರಡೂ ದೇಶಗಳ ರಾಷ್ಟ್ರಗೀತೆಯಲ್ಲ. ಎದ್ದು ನಿಲ್ಲುವ ಪ್ರಶ್ನೆ ಬರುವುದಿಲ್ಲ.

ಮೇಷ್ಟ್ರಿಗೆ ಇದನ್ನು ಬಿಡಿಸಿ ಹೇಳಲು ನಮ್ಮ ಭಜನೆಯ ಉದಾಹರಣೆ ಕೊಟ್ಟೆ. ನಮ್ಮಲ್ಲಿ ಒಂದೇ ಮಟ್ಟಿಗೆ ನಾಲ್ಕು ದೇವರ ಹಾಡು ಕಟ್ಟುತ್ತಾರೆ. ಮಟ್ಟು ಯಾವುದು ಅನ್ನುವುದು ಒಂದು ಪ್ರಶ್ನೆ. ಆ ದಿನ ಅದು ಯಾವ ಹಾಡಾಗಿ ಬಂತು ಅನ್ನುವುದು ಇನ್ನೊಂದು. ಈ ಮಟ್ಟು ಸ್ಕಾಟ್ಲೆಂಡಿನದು. ಮಾತುಗಳನ್ನು ಕವಿ ರಾಬರ್ಟ್ ಬರ್ನ್ಸ್ 1788ರಲ್ಲಿ ಬರೆದು ಕಳಿಸಿದ. ಮೊದಲು ಅವು ಬೇರೊಂದು ಮಟ್ಟಿನ ಜೊತೆ ಅಚ್ಚಾದವು. ಇವತ್ತಿನ ಈ ಮಟ್ಟಿನ ಜೊತೆ ಅಚ್ಚಾಗಿದ್ದು 1799ರಲ್ಲಿ. ಬಂಗಾಳದಲ್ಲಿ ರವೀಂದ್ರನಾಥ ಟಾಗೋರರು ಇದನ್ನೇ ಆಧರಿಸಿ 'ಪುರಾನೋ ಶೇಯ್ ದಿನೇರ್ ಕಥಾ' ಕಟ್ಟಿದರು. ಬಂಗಾಳಿಯೊಬ್ಬರು ಅಮ್ಮನ ಪಕ್ಕದಲ್ಲಿ ಕೂತಿದ್ದರೆ, ಇದು ನಮ್ಮ ರವೀಂದ್ರ ಸಂಗೀತ ಅಂತಲೇ ಹೇಳುತ್ತಿದ್ದರೇನೋ. ಅವರ ಮಟ್ಟಿಗೆ ಅದೂ ಸರಿಯೇ. ಪರೇಡಿನಲ್ಲಿ ಅದು ಏನಾಗಿ ಬಂತು ಅನ್ನುವುದನ್ನು ಹೇಳಿದ್ದು ಮಾತ್ರ ಆ ಗಳಿಗೆ, ಆ ಹೆಜ್ಜೆ.

ಬದಲಾದ ನಿರ್ಧಾರ

ಹೆಸರು ಸಿಕ್ಕಿದ್ದರಿಂದ ಮೇಷ್ಟ್ರ ಯೋಜನೆಯೇ ಬದಲಾಯಿತು. ಇದು ಬೀಳ್ಕೊಡುಗೆಯ ಮಟ್ಟು. ಹಳೆಯ ದಿನಗಳನ್ನು, ಹಳೆಯ ಸ್ನೇಹವನ್ನು ಮರೆಯಬಹುದೇ ಅಂತ ಕೇಳುವ ಹಾಡು. ಅಕಾಡೆಮಿಯಲ್ಲಿ ಇದನ್ನು ನುಡಿಸಿದ್ದು ಹುಡುಗರು ಆ ಜಾಗ ಬಿಟ್ಟು ಹೋಗುತ್ತಿದ್ದರು ಅಂತ. ಮನೆಗೆ ಬರುವ ಮಗನನ್ನು ಗೇಟಿನಿಂದ ಒಳಗೆ ಕರೆಯಲು ಇದು ಸೇರುವುದಿಲ್ಲ. ನಾನು ಹೀಗೆ ಹೇಳಿದಾಗ ಮೇಷ್ಟ್ರು ಸ್ವಲ್ಪ ಪೆಚ್ಚಾದರು. ಅಮ್ಮ ಮಾತ್ರ ತಕ್ಷಣ ಅಂದರು, "ಹಾಗಾದ್ರೆ ಅವನು ವಾಪಸ್ ಹೊರಡೋವಾಗ ನುಡಿಸೋಣ ಬಿಡಿ."

ಒಳಗೆ ಬರಲು 'ಕದಂ ಕದಂ ಬಢಾಯೇ ಜಾ' ಆರಿಸಿಕೊಂಡೆವು. ರಾಮ್ ಸಿಂಗ್ ಠಾಕುರಿ ಆಜಾದ್ ಹಿಂದ್ ಫೌಜಿಗಾಗಿ ಮಟ್ಟು ಹಾಕಿದ್ದು. ಅದು ತೇಜ್ ಚಲ್‌ಗೆ ಕೂಡುವ ನಡೆ, ಮುಂದಕ್ಕೆ ಕರೆಯುವ ಮಟ್ಟು.

ಒಂದು ತೊಡಕು ಉಳಿದಿತ್ತು. ಶಾಲೆಯ ಬ್ಯಾಂಡ್ ಸೆಟ್‌ನಲ್ಲಿ ಇದ್ದದ್ದು ಸೈಡ್ ಡ್ರಮ್, ದೊಡ್ಡ ಡ್ರಮ್, ಮೂರು ಬ್ಯೂಗಲ್. ಬ್ಯೂಗಲ್‌ಗೆ ಬೆರಳಿಡುವ ಕೀಲಿ ಇಲ್ಲ. ತುಟಿಯ ಬಿಗಿಯಿಂದ ಸಿಗುವ ಸ್ವರಗಳು ಮಾತ್ರ ಬರುತ್ತವೆ: ಕೆಳಗಿನ ಪ, ಸ, ಗ, ಪ, ಮೇಲಿನ ಸ. ರಿ ಮತ್ತು ದ ಅದರಲ್ಲಿ ಸಿಗುವುದಿಲ್ಲ. ಈ ಮಟ್ಟಿನ ಹೆಗ್ಗುರುತೇ 'ರಿ ಸ ರಿ ದ'. ಬ್ಯೂಗಲ್‌ನಲ್ಲಿ ಪ್ರಯತ್ನಿಸಿದರೆ ಉಳಿಯುವುದು ಬರೀ ಸ. ಹಾಗಾಗಿ ಎಂಟು ಮಕ್ಕಳಿಗೆ ಕೊಳಲು ಕೊಟ್ಟು ಕಲಿಸಿದೆ. ಐದೇ ಸ್ವರ, ಅದೂ ಮೋಹನ. ಕೊಳಲಿಗೆ ಹೊಸಬರಾದ ಮಕ್ಕಳಿಗೂ ಒಂದು ವಾರದಲ್ಲಿ ಬಂತು. ದೈವತದ ನೆಗೆತಕ್ಕೆ ಮಾತ್ರ ಇನ್ನೆರಡು ದಿನ ಬೇಕಾಯಿತು.

ಈಗ ನಾನು ಕೇಳುವ ರೀತಿ

ಈ ಪ್ರಕರಣದ ನಂತರ ಯಾರಾದರೂ ಪರೇಡಿನ ಮಟ್ಟು ತಂದರೆ ನಾನು ಸ್ವರ ಕೇಳುವುದು ಕೊನೆಗೆ. ಮೊದಲು ಕೇಳುವುದು ಗಳಿಗೆಯನ್ನು. ಬಾವುಟ ಏರುವಾಗಲೋ, ಅತಿಥಿ ಬಂದಾಗಲೋ, ಸಾಲು ಮುಂದೆ ಹಾದು ಹೋಗುವಾಗಲೋ, ಎಲ್ಲ ಮುಗಿದು ಹೊರಡುವಾಗಲೋ? ಜನ ಎದ್ದು ನಿಂತರಾ? ಕಾಲು ಹೇಗೆ ಬೀಳುತ್ತಿತ್ತು? ಇಷ್ಟಕ್ಕೆ ಉತ್ತರ ಬಂದರೆ ಹುಡುಕಬೇಕಾದ ಪಟ್ಟಿ ನೂರರಿಂದ ಹತ್ತಕ್ಕೆ ಇಳಿಯುತ್ತದೆ. ಈ ಪ್ರಕರಣದಲ್ಲಂತೂ 'ಕೊನೆಯಲ್ಲಿ, ನಿಧಾನ ನಡೆ' ಎಂಬ ಎರಡು ಮಾತಿನಲ್ಲೇ ಉತ್ತರ ಇತ್ತು.

ಎಣಿಕೆ ಮೂರೋ ನಾಲ್ಕೋ ಅನ್ನುವುದನ್ನು ಕೈತಟ್ಟಿಸಿಯೇ ನೋಡುತ್ತೇನೆ, ಹೇಳಿದ್ದನ್ನು ನಂಬುವುದಿಲ್ಲ. ಸ್ವರ ಬಿಡಿಸಬಲ್ಲವರು ಕಳಿಸಿದರೆ, ಅವರ ಷಡ್ಜವನ್ನು ಸದ್ಯಕ್ಕೆ ಇಟ್ಟುಕೊಂಡ ಹೆಸರು ಅಂತ ಮಾತ್ರ ತೆಗೆದುಕೊಳ್ಳುತ್ತೇನೆ. ಮಟ್ಟಿನ ಕೊನೆ ಸಿಗುವವರೆಗೆ ರಾಗದ ಹೆಸರು ಬರೆಯುವುದಿಲ್ಲ. ಕೊನೆ ಸಿಗದೇ ಹೋದರೆ ಐದು ಸ್ವರವನ್ನೂ ಒಂದೊಂದಾಗಿ ಷಡ್ಜ ಮಾಡಿ ಐದು ಸಲ ನುಡಿಸಿ ನೋಡುತ್ತೇನೆ. ಹತ್ತು ನಿಮಿಷದ ಕೆಲಸ.

ಅಂಗಡಿ ಮುಚ್ಚುವ ಹಾಡು ಅಂದ ಹುಡುಗನಂಥವರ ಮಾತನ್ನು ಈಗ ಬರೆದಿಟ್ಟುಕೊಳ್ಳುತ್ತೇನೆ. ಅವನಿಗೆ ಹಾಡಿನ ಹೆಸರು ಗೊತ್ತಿರಲಿಲ್ಲ. ಆದರೆ ಅದು ಹೊರಡುವ ಹೊತ್ತಿನ ಮಟ್ಟು ಅನ್ನುವುದನ್ನು ನಮ್ಮೆಲ್ಲರಿಗಿಂತ ಮೊದಲು ಹೇಳಿದ್ದವನು ಅವನೇ.

ಸನ್ಮಾನ ಚೆನ್ನಾಗಿ ಆಯಿತು. ಸಂಜೆ ಮಗ ತನ್ನ ಘಟಕಕ್ಕೆ ಹೊರಡಲು ಕಾರಿನ ಹತ್ತಿರ ಬಂದಾಗ ಮಕ್ಕಳು ಕೊಳಲು ಎತ್ತಿಕೊಂಡರು. ಅವನು ಬಾಗಿಲಿನ ಮೇಲೆ ಕೈಯಿಟ್ಟು ಹಾಗೆಯೇ ನಿಂತುಬಿಟ್ಟ. ಅಮ್ಮ ನನ್ನ ಪಕ್ಕದಲ್ಲಿದ್ದರು, ಮಕ್ಕಳ ಜೊತೆ ಮೆಲ್ಲಗೆ ಹಾಡುತ್ತಿದ್ದರು. ಎರಡನೆಯ ಭಾಗ ಬಂದಾಗ ಮೊದಲ ತಟ್ಟಿಗೆ ಮುಂಚೆಯೇ ಆ ಒಂಟಿ ದೈವತವನ್ನು ಹಿಡಿದರು. ಆಮೇಲೆ ಪಂಚಮಕ್ಕೆ ಇಳಿದರು.